ನಮ್ಮ ವಿಮಾ ಬ್ರೋಕರ್ ಬದಲಾವಣೆ: ಹೊಸ ಅಧಿಕಾರವನ್ನು ಲಿಖಿತವಾಗಿ ಒಪ್ಪಿಕೊಳ್ಳಲು ಕೋರಿಕೆ

ದಿನಾಂಕ: 2025 ಸೆಪ್ಟೆಂಬರ್ 8

ಇವರಿಗೆ,
ಮುಖ್ಯಸ್ಥರು, ಅಂಡರ್‌ರೈಟಿಂಗ್ ವಿಭಾಗ
ಪ್ರತಿ: ಕ್ಲೇಮ್ ವಿಭಾಗ, ಮತ್ತು ಈಗಿನ ಬ್ರೋಕರ್

ಪಾಲಿಸಿಗಳು: ಅಗ್ನಿ ವಿಮೆ 4471-09, ಯಂತ್ರ ಕೆಟ್ಟರೆ ಸಿಗುವ ವಿಮೆ 4472-09, ಸರಕು ಸಾಗಣೆ ವಿಮೆ 5180-03, ಸಾರ್ವಜನಿಕ ಹೊಣೆಗಾರಿಕೆ ವಿಮೆ 4479-09

ನಮಸ್ಕಾರ,

ಮೇಲಿನ ನಾಲ್ಕೂ ಪಾಲಿಸಿಗಳು ನಮ್ಮ ಮುದ್ರಣಾಲಯದ ಹೆಸರಲ್ಲಿವೆ. ಇವುಗಳಿಗೆ ನಾವು ಬ್ರೋಕರ್ ಬದಲಾಯಿಸುತ್ತಿದ್ದೇವೆ. 2025 ಸೆಪ್ಟೆಂಬರ್ 15ರಿಂದ ನಮ್ಮ ಪರವಾಗಿ ನಿಮ್ಮ ಜೊತೆ ವ್ಯವಹರಿಸುವವರು ಸೇತುಬಂಧ ಇನ್ಶೂರೆನ್ಸ್ ಬ್ರೋಕರ್ಸ್ ಮಾತ್ರ. ಈಗ ನಿಮ್ಮ ದಾಖಲೆಯಲ್ಲಿರುವ ಬ್ರೋಕರ್‌ಗೆ ನಾವು ಹಿಂದೆ ಕೊಟ್ಟಿದ್ದ ಅಧಿಕಾರ ಪತ್ರ ಅವತ್ತಿನಿಂದಲೇ ರದ್ದು. ಹೊಸ ಬ್ರೋಕರ್‌ನ ಪರವಾನಗಿ ಪ್ರತಿ, ನಮ್ಮ ಕೆಲಸ ನೋಡಿಕೊಳ್ಳುವವರ ಹೆಸರು, ಫೋನ್ ಮತ್ತು ಇಮೇಲ್ ಲಗತ್ತಿಸಿದ ಹಾಳೆಯಲ್ಲಿವೆ.

ಬದಲಾಗುತ್ತಿರುವುದು ಬ್ರೋಕರ್ ಅಷ್ಟೇ. ಪಾಲಿಸಿಗಳು ಹಾಗೇ ಮುಂದುವರಿಯಬೇಕು. ವಿಮೆ ಮೊತ್ತ, ಷರತ್ತು, ಅವಧಿ ಯಾವುದನ್ನೂ ಮುಟ್ಟಬೇಡಿ. ಇದನ್ನು ರದ್ದತಿ ಕೋರಿಕೆ ಅಂತಲೋ ಹೊಸ ಪ್ರಸ್ತಾವ ಅಂತಲೋ ದಯವಿಟ್ಟು ತೆಗೆದುಕೊಳ್ಳಬೇಡಿ.

ಹೊಸ ಬ್ರೋಕರ್ ನಮ್ಮ ಪರವಾಗಿ ಪಾಲಿಸಿ ಪ್ರತಿ, ಎಂಡಾರ್ಸ್‌ಮೆಂಟ್‌ಗಳು, ಸರ್ವೇ ವರದಿ ಮತ್ತು ಕಳೆದ 5 ವರ್ಷದ ಕ್ಲೇಮ್ ಇತಿಹಾಸವನ್ನು ನಿಮ್ಮಿಂದ ಪಡೆಯಬಹುದು. ನವೀಕರಣದ ದರ ಕೇಳಬಹುದು, ಚರ್ಚೆ ಮಾಡಬಹುದು, ಕ್ಲೇಮ್ ದಾಖಲಿಸಬಹುದು, ಅದರ ಬೆನ್ನು ಹತ್ತಬಹುದು. ಆದರೆ ಪಾಲಿಸಿ ರದ್ದು ಮಾಡುವುದು, ವಿಮೆ ಮೊತ್ತ ಇಳಿಸುವುದು, ಕ್ಲೇಮ್ ಇತ್ಯರ್ಥಕ್ಕೆ ಸಹಿ ಹಾಕುವುದು, ಈ ಮೂರಕ್ಕೆ ನಮ್ಮಿಬ್ಬರು ಪಾಲುದಾರರ ಸಹಿ ಇರಲೇಬೇಕು. ಕ್ಲೇಮ್ ಹಣ ನಿಮ್ಮಲ್ಲಿ ಈಗಾಗಲೇ ನೋಂದಾಯಿಸಿರುವ ನಮ್ಮ ಬ್ಯಾಂಕ್ ಖಾತೆಗೆ ನೇರವಾಗಿ ಬರಬೇಕು, ಬ್ರೋಕರ್ ಮೂಲಕ ಬೇಡ. ಹೊಸಬರ ಮೇಲೆ ಅನುಮಾನ ಇದ್ದು ಹೀಗೆ ಬರೆದಿಲ್ಲ. ಅವರ ಜೊತೆ ಕೂತು ಮಾತಾಡಿಯೇ ಈ ಗೆರೆ ಹಾಕಿದ್ದೇವೆ, ಅವರೂ ಒಪ್ಪಿದ್ದಾರೆ.

ಈಗ ಮುಖ್ಯ ವಿಷಯ. ಈ ಬದಲಾವಣೆಯನ್ನು ನೀವು ಒಪ್ಪಿಕೊಂಡಿದ್ದೀರಿ ಅಂತ ನಮಗೆ ಬರವಣಿಗೆಯಲ್ಲಿ ಬೇಕು. ಫೋನಿನಲ್ಲಿ "ಆಯ್ತು, ಮಾಡಿದ್ದೀವಿ" ಅಂದರೆ ಸಾಲದು. "ನಿಮ್ಮ ಇಮೇಲ್ ತಲುಪಿದೆ" ಅನ್ನುವ ತಾನಾಗಿ ಬರುವ ಉತ್ತರವೂ ಸಾಲದು.

ಯಾಕೆ ಇಷ್ಟು ಪಟ್ಟು ಹಿಡಿಯುತ್ತೇವೆ ಅಂತ ಹೇಳಿಬಿಡುತ್ತೇವೆ. 2021ರಲ್ಲಿ, ನಮ್ಮ ವಿಮೆ ಬೇರೆ ಕಂಪನಿಯಲ್ಲಿ ಇದ್ದಾಗ, ಒಮ್ಮೆ ಬ್ರೋಕರ್ ಬದಲಾಯಿಸಿದ್ದೆವು. ಪತ್ರ ಕೊಟ್ಟೆವು, ಅಲ್ಲಿನವರು ಫೋನಿನಲ್ಲಿ ಸರಿ ಅಂದರು, ನಾವು ಅಷ್ಟಕ್ಕೇ ನೆಮ್ಮದಿಯಿಂದ ಇದ್ದುಬಿಟ್ಟೆವು. ಆದರೆ ಅವರ ದಾಖಲೆಯಲ್ಲಿ ಹಳೆಯ ಬ್ರೋಕರ್ ಹೆಸರೇ ಉಳಿದಿತ್ತು. ನವೀಕರಣದ ನೋಟಿಸ್ ಅವರಿಗೇ ಹೋಯಿತು. ನಾವು ಈಗ ಅವರ ಗ್ರಾಹಕರಲ್ಲ ಅಂತ ಅವರು ಅದನ್ನು ನೋಡಲಿಲ್ಲ, ಹೊಸಬರು ವಿಮಾ ಕಂಪನಿ ನಮಗೇ ನೇರವಾಗಿ ಕಳಿಸಿರುತ್ತದೆ ಅಂದುಕೊಂಡರು, ನಾವು ಹೊಸಬರು ನೋಡಿಕೊಳ್ಳುತ್ತಾರೆ ಅಂದುಕೊಂಡೆವು, ಹೀಗೆ ಮೂವರೂ ಕಾಯುತ್ತಾ ಕೂತು ಅಗ್ನಿ ವಿಮೆಯ ಅವಧಿಯೇ ಮುಗಿದುಹೋಯಿತು. 11 ದಿನ ನಮ್ಮ ಯಂತ್ರ, ಕಾಗದ, ಶಾಯಿ ಯಾವುದಕ್ಕೂ ವಿಮೆ ಇರಲಿಲ್ಲ. ಅದೃಷ್ಟಕ್ಕೆ ಏನೂ ಆಗಲಿಲ್ಲ. ಒಳಗೆಲ್ಲಾ ಕಾಗದದ ರಾಶಿ ಇರುವ ಜಾಗ, ಯೋಚಿಸಿ. ಲೆಕ್ಕಪತ್ರ ನೋಡುವಾಗ ವಿಷಯ ಗೊತ್ತಾದ ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಹಾಗಾಗಿ ನಿಮ್ಮ ಉತ್ತರದಲ್ಲಿ ನಾಲ್ಕೂ ಪಾಲಿಸಿ ಸಂಖ್ಯೆಗಳು, ಹೊಸ ಬ್ರೋಕರ್ ಹೆಸರು, ಬದಲಾವಣೆ ಜಾರಿಗೆ ಬರುವ ದಿನ, ಇಷ್ಟೂ ಸ್ಪಷ್ಟವಾಗಿ ಇರಲಿ. ನವೀಕರಣ ನೋಟಿಸ್ ಇನ್ನು ಮುಂದೆ ಯಾರಿಗೆ ಹೋಗುತ್ತದೆ ಅನ್ನುವುದನ್ನೂ ಬರೆಯಿರಿ. ಹೊಸ ಬ್ರೋಕರ್‌ಗೆ ಕಳಿಸುವ ಪ್ರತಿ ನೋಟಿಸಿನ ನಕಲು ನಮಗೂ ಬರಲಿ, ಇದು ನಮ್ಮ ವಿಶೇಷ ಕೋರಿಕೆ. ಮೂರು ಪಾಲಿಸಿಗಳ ಅವಧಿ ಅಕ್ಟೋಬರ್ 31ಕ್ಕೆ, ಸರಕು ಸಾಗಣೆಯದು ನವೆಂಬರ್ 30ಕ್ಕೆ ಮುಗಿಯುತ್ತದೆ. ದಿನ ಜಾಸ್ತಿ ಇಲ್ಲ, ಅಲ್ವಾ? ಅದಕ್ಕೇ ಸೆಪ್ಟೆಂಬರ್ 17ರ ಒಳಗೆ ಉತ್ತರ ಕೇಳುತ್ತಿದ್ದೇವೆ.

ಕೆಲವು ವಿಮಾ ಕಂಪನಿಗಳು ಇಂಥ ಪತ್ರ ಬಂದಾಗ ಹಳೆಯ ಬ್ರೋಕರ್‌ಗೆ ತಿಳಿಸಿ, ಗ್ರಾಹಕರು ಮನಸ್ಸು ಬದಲಾಯಿಸಬಹುದೇನೋ ಅಂತ ಕೆಲವು ದಿನ ಕಾಯುತ್ತವೆ. ನಿಮ್ಮಲ್ಲೂ ಆ ಪದ್ಧತಿ ಇದ್ದರೆ ಎಷ್ಟು ದಿನ, ಯಾವತ್ತು ಮುಗಿಯುತ್ತದೆ ಅಂತ ಮೊದಲೇ ತಿಳಿಸಿ. ನಮ್ಮ ತೀರ್ಮಾನ ಗಟ್ಟಿ. ನಮ್ಮಿಬ್ಬರ ಸಹಿ ಇರುವ ಇನ್ನೊಂದು ಪತ್ರ ಬಂದರೆ ಮಾತ್ರ ಇದನ್ನು ಬದಲಾಯಿಸಿ. ಬೇರೆ ಯಾರು ಏನು ಹೇಳಿದರೂ ಬೇಡ.

ಇನ್ನು ನಡೆಯುತ್ತಿರುವ ಕ್ಲೇಮ್. ಜುಲೈ 22ರಂದು ನೀರಿನ ಪೈಪ್ ಒಡೆದು ಗೋದಾಮಿನಲ್ಲಿದ್ದ 38 ಕಾಗದದ ರೋಲ್‌ಗಳು ನೆನೆದು ಹಾಳಾದವು. ಕ್ಲೇಮ್ ಸಂಖ್ಯೆ 25-0716. ಸರ್ವೇಯರ್ ಆಗಸ್ಟ್ 4ಕ್ಕೆ ಬಂದು ನೋಡಿ ಹೋಗಿದ್ದಾರೆ, ಖರೀದಿ ಬಿಲ್ಲುಗಳನ್ನು ಈಗಿನ ಬ್ರೋಕರ್ ಮೂಲಕ ಕೊಟ್ಟಿದ್ದೇವೆ. ಸೆಪ್ಟೆಂಬರ್ 15ರಿಂದ ಈ ಕ್ಲೇಮನ್ನೂ ಹೊಸ ಬ್ರೋಕರ್ ನೋಡಿಕೊಳ್ಳುತ್ತಾರೆ. ಬ್ರೋಕರ್ ಬದಲಾದರು ಅಂತ ಕಡತ ಮತ್ತೆ ಮೊದಲಿನಿಂದ ಶುರುವಾಗಬಾರದು. ಕೊಟ್ಟ ಕಾಗದಗಳನ್ನೇ ಮತ್ತೆ ಕೇಳುವ ಮೊದಲು ನಿಮ್ಮ ಕಡತದಲ್ಲಿ ಏನೇನಿದೆ ಅಂತ ಒಂದು ಪಟ್ಟಿ ಕಳಿಸಿದರೆ, ಇಲ್ಲದ್ದನ್ನು ನಾವೇ ತಕ್ಷಣ ತುಂಬಿಸುತ್ತೇವೆ.

ಯಂತ್ರದ ವಿಮೆಯ ಎರಡನೇ ಕಂತನ್ನು ಆಗಸ್ಟ್ 28ರಂದು ಈಗಿನ ಬ್ರೋಕರ್ ಖಾತೆಗೆ ಕಟ್ಟಿದ್ದೇವೆ, ರಸೀದಿ ಲಗತ್ತಿಸಿದೆ. ಅದು ನಿಮಗೆ ಬಂದು ಸೇರಿದೆಯೇ ಅಂತ ಅದೇ ಉತ್ತರದಲ್ಲಿ ತಿಳಿಸಿ. ಸೇರದಿದ್ದರೆ ಇವತ್ತೇ ಹೇಳಿ, ನಾವು ಅವರನ್ನು ಕೇಳುತ್ತೇವೆ.

ಈ ವರ್ಷದ ಕಮಿಷನ್ ಯಾರಿಗೆ ಅನ್ನುವುದು ನೀವು ಮತ್ತು ಇಬ್ಬರು ಬ್ರೋಕರ್‌ಗಳು ಬಗೆಹರಿಸಿಕೊಳ್ಳಬೇಕಾದ ವಿಷಯ. ಅದು ಮುಗಿಯಲಿ ಅಂತ ನಮ್ಮ ದಾಖಲೆ ಬದಲಾವಣೆಯನ್ನು ತಡೆದು ಇಡಬೇಡಿ, ಅಷ್ಟು ಸಾಕು.

ಈಗಿನ ಬ್ರೋಕರ್ ಈ ಪತ್ರದ ಪ್ರತಿಯನ್ನು ಓದುತ್ತಾರೆ, ಅವರಿಗೂ ಒಂದು ಮಾತು. ನಾಲ್ಕು ವರ್ಷ ನಮ್ಮ ಕೆಲಸ ನೋಡಿಕೊಂಡಿದ್ದೀರಿ, ಜಗಳ ಮಾಡಿಕೊಂಡು ಹೋಗುತ್ತಿಲ್ಲ. ನಮಗೆ ಈಗ ಮುದ್ರಣ ಯಂತ್ರಗಳ ವಿಮೆ ಚೆನ್ನಾಗಿ ಗೊತ್ತಿರುವವರು ಬೇಕಾಗಿದ್ದಾರೆ. ನಮ್ಮ ಕಡತಗಳನ್ನು ಸೆಪ್ಟೆಂಬರ್ 15ರ ಒಳಗೆ ಹೊಸಬರಿಗೆ ಒಪ್ಪಿಸಿ.

ಏನಾದರೂ ಅನುಮಾನ ಇದ್ದರೆ ಸುಮ್ನೆ ಇಟ್ಟುಕೊಳ್ಳಬೇಡಿ, ನಿಮ್ಮ ದಾಖಲೆಯಲ್ಲಿರುವ ನಮ್ಮ ನಂಬರಿಗೆ ಫೋನ್ ಮಾಡಿ. ಆದರೆ ಒಪ್ಪಿಗೆ ಮಾತ್ರ ಬರವಣಿಗೆಯಲ್ಲೇ ಬರಲಿ, ನಿಮ್ಮ ಅಧಿಕಾರಿಯ ಹೆಸರು ಮತ್ತು ಸಹಿ ಸಮೇತ.

ಇಂತಿ,
ಸುಜಾತಾ, ಪಾಲುದಾರರು (ಸಹಿ)
ರವೀಂದ್ರ, ಪಾಲುದಾರರು (ಸಹಿ)

ಲಗತ್ತು: ಹೊಸ ಬ್ರೋಕರ್‌ನ ಪರವಾನಗಿ ಪ್ರತಿ ಮತ್ತು ಸಂಪರ್ಕದ ಹಾಳೆ, ಆಗಸ್ಟ್ 28ರ ರಸೀದಿ, ನಾಲ್ಕೂ ಪಾಲಿಸಿಗಳ ಮೊದಲ ಪುಟ