ಡಿಟರ್ಮಿನೆಂಟ್ ಅಂದರೆ ಎಷ್ಟು ಚೌಕ?

ಬಿ.ಎಸ್ಸಿ. ಮೊದಲ ಸೆಮಿಸ್ಟರ್, ಮ್ಯಾಟ್ರಿಕ್ಸ್ ಪಾಠದ ಟಿಪ್ಪಣಿ. ಓದುವಾಗ ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್ ಪಕ್ಕದಲ್ಲೇ ಇರಲಿ. ಚಿತ್ರ ಬರೆಯದೆ ಇದನ್ನು ಓದಿದರೆ ಅರ್ಧವೂ ದಕ್ಕುವುದಿಲ್ಲ.

`ad − bc` ನಿಮಗೆಲ್ಲ ಬಾಯಿಪಾಠ. ಪಿಯುಸಿಯಲ್ಲಿ ಅಡ್ಡಡ್ಡ ಗುಣಿಸಿದಿರಿ, ಕಳೆದಿರಿ, ಉತ್ತರ ಬರೆದಿರಿ. ಉತ್ತರ 5 ಬಂತು ಅಂದುಕೊಳ್ಳಿ. ಯಾವುದು 5? ಈ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ, ಅಲ್ವಾ? ಉತ್ತರ ಗ್ರಾಫ್ ಹಾಳೆಯ ಮೇಲೇ ಇದೆ. ಐದು ಚೌಕ.

ಈ ಮ್ಯಾಟ್ರಿಕ್ಸ್ ತೆಗೆದುಕೊಳ್ಳೋಣ.

```
A = | 3  1 |
    | 1  2 |
```

ಇದನ್ನು ಕಾಲಮ್ ಕಾಲಮ್ ಆಗಿ ಓದಿ. ಮೊದಲ ಕಾಲಮ್ (3, 1). ಅಂದರೆ (1, 0) ಎಂಬ ಬಿಂದುವನ್ನು A ಎತ್ತಿಕೊಂಡು ಹೋಗಿ (3, 1)ರಲ್ಲಿ ಇಡುತ್ತದೆ. ಎರಡನೇ ಕಾಲಮ್ (1, 2). (0, 1) ಹೋಗಿ ಅಲ್ಲಿ ಕೂರುತ್ತದೆ. (0, 0) ಅಲುಗುವುದಿಲ್ಲ. (1, 1) ಎಲ್ಲಿಗೆ ಹೋಗುತ್ತದೆ? ಎರಡೂ ಕಾಲಮ್ ಕೂಡಿಸಿ, (4, 3).

ಹೀಗೆ ಒಂದು ಚೌಕದ ನಾಲ್ಕು ಮೂಲೆಗಳು ಹೊಸ ಜಾಗಕ್ಕೆ ಹೋದವು. ಈಗ ಗ್ರಾಫ್ ಹಾಳೆಯಲ್ಲಿ ಇದನ್ನು ಗುರುತು ಮಾಡಿ.

```
y
3  .  .  .  .  R
2  .  Q  *  *  .
1  .  *  *  P  .
0  O  .  .  .  .
   0  1  2  3  4   x
```

O, P, R, Q ಇವನ್ನು ಇದೇ ಸರದಿಯಲ್ಲಿ ಗೆರೆ ಎಳೆದು ಸೇರಿಸಿ. ಓರೆಯಾಗಿ ನಿಂತ ಸಮಾಂತರ ಚತುರ್ಭುಜ ಸಿಗುತ್ತದೆ. ಅದರ ವಿಸ್ತೀರ್ಣ ಎಷ್ಟು? ಸೂತ್ರ ಹಾಕಬೇಡಿ, ಮೊದಲು ಎಣಿಸೋಣ.

ಅದರ ಸುತ್ತ ಒಂದು ಆಯತ ಬರೆಯಿರಿ. ಅಗಲ 4, ಎತ್ತರ 3. ಒಟ್ಟು 12 ಚೌಕ. ಈಗ ನಮಗೆ ಬೇಡದ ತುಂಡುಗಳನ್ನು ಕತ್ತರಿಸಿ ಎಸೆಯೋಣ. ಕೆಳಗೆ ಬಲಕ್ಕೆ ಮೂರು ತುಂಡು ಇವೆ. ಅಗಲ 3, ಎತ್ತರ 1 ಇರುವ ತ್ರಿಭುಜ, ಅಂದರೆ 1.5. ಮೂಲೆಯಲ್ಲಿ 1 × 1 ಪುಟ್ಟ ಚೌಕ. ಅದರ ಮೇಲೆ ಅಗಲ 1, ಎತ್ತರ 2 ಇರುವ ತ್ರಿಭುಜ, ಅಂದರೆ 1. ಕೂಡಿಸಿದರೆ 3.5. ಮೇಲೆ ಎಡಕ್ಕೂ ಇವೇ ಮೂರು ತುಂಡು, ತಿರುಗಿ ಕೂತಿವೆ. ಒಟ್ಟು 7 ಹೋಯಿತು. 12 − 7 = 5.

ಈಗ ಸೂತ್ರ: 3 × 2 − 1 × 1 = 5.

ಇದೇ ಕತ್ತರಿ ಕೆಲಸವನ್ನು ಅಕ್ಷರ ಹಾಕಿ ಮಾಡಿದರೆ ಸೂತ್ರ ತಾನಾಗಿ ಬೀಳುತ್ತದೆ. ಕಾಲಮ್‌ಗಳು (a, c) ಮತ್ತು (b, d) ಅಂತಿರಲಿ. ಆಯತ (a + b)(c + d). ಎರಡು ಜೋಡಿ ತ್ರಿಭುಜಗಳು ಸೇರಿ ac ಮತ್ತು bd. ಮೂಲೆಯ ಎರಡು ಆಯತಗಳು ಸೇರಿ 2bc.

```
(a+b)(c+d) − ac − bd − 2bc = ad − bc
```

bc ಯಾಕೆ ಕಳೆಯಬೇಕು ಅನ್ನುವುದಕ್ಕೆ ಇದೇ ಉತ್ತರ. ಆಯತ ಬಿಡಿಸಿದಾಗ ಒಂದು bc ಕೂಡಿಕೆಯಲ್ಲಿ ಬಂತು. ಮೂಲೆಗಳಲ್ಲಿ ಎರಡು bc ಹೋದವು. ಉಳಿದದ್ದು ಮೈನಸ್ ಒಂದು.

ಚಿತ್ರದಲ್ಲಿ ನಾಲ್ಕು ನಕ್ಷತ್ರ ಹಾಕಿದ್ದೇನೆ, ನೋಡಿದಿರಾ? ಅವು ಆಕೃತಿಯ ಒಳಗೆ ಬೀಳುವ ಗ್ರಿಡ್ ಬಿಂದುಗಳು. ಅಂಚಿನ ಮೇಲೆ ಇರುವವು ನಾಲ್ಕು, ಅವು ಮೂಲೆಗಳೇ. 1899ರಲ್ಲಿ ಜಾರ್ಜ್ ಪಿಕ್ ಒಂದು ಚೆಂದದ ಲೆಕ್ಕ ಕೊಟ್ಟ: ಮೂಲೆಗಳೆಲ್ಲ ಗ್ರಿಡ್ ಬಿಂದುಗಳ ಮೇಲಿದ್ದು, ನಡುವೆ ತೂತಿಲ್ಲದ ಬಹುಭುಜವಾದರೆ, ವಿಸ್ತೀರ್ಣ = ಒಳಗಿನ ಬಿಂದು + ಅಂಚಿನ ಬಿಂದುಗಳ ಅರ್ಧ − 1. ಇಲ್ಲಿ 4 + 2 − 1 = 5. ಪರೀಕ್ಷೆಗೆ ಇದು ಬೇಡ. ಆದರೆ ನಿಮ್ಮ ಚಿತ್ರ ಸರಿಯಾಗಿದೆಯೇ ಅಂತ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಬೇಗದ ದಾರಿ ಇಲ್ಲ.

ಕತ್ತರಿ ಲೆಕ್ಕಕ್ಕೆ ಒಂದು ಕೊರತೆ ಇದೆ. ನಾಲ್ಕೂ ಸಂಖ್ಯೆ ಧನ, `ad` ದೊಡ್ಡದು ಎಂದಾಗ ಮಾತ್ರ ಚಿತ್ರ ಹೀಗೆ ಬರುತ್ತದೆ. ಒಂದು ಸಂಖ್ಯೆ ಋಣವಾದರೂ ತುಂಡುಗಳು ಬೇರೆ ಬೇರೆ ಕಡೆ ಹೋಗುತ್ತವೆ. ಅದಕ್ಕೇ ಇನ್ನೊಂದು ದಾರಿ ಹೇಳುತ್ತೇನೆ. ನನಗೆ ಇದೇ ಜಾಸ್ತಿ ಇಷ್ಟ.

ಮೇಜಿನ ಮೇಲೆ ನೋಟ್‌ಬುಕ್‌ಗಳನ್ನು ಒಂದರ ಮೇಲೊಂದು ಜೋಡಿಸಿ. ಪಕ್ಕದಿಂದ ನೋಡಿದರೆ ಆಯತ. ಅಂಗೈಯಿಂದ ಮೆಲ್ಲಗೆ ಓರೆಯಾಗಿ ತಳ್ಳಿ. ಈಗ ಸಮಾಂತರ ಚತುರ್ಭುಜ. ಒಂದು ಹಾಳೆಯೂ ಕಡಿಮೆಯಾಗಿಲ್ಲ. ತಳ ಅಷ್ಟೇ, ಎತ್ತರ ಅಷ್ಟೇ, ವಿಸ್ತೀರ್ಣವೂ ಅಷ್ಟೇ. ಈ ತಳ್ಳುವಿಕೆಗೂ ಒಂದು ಮ್ಯಾಟ್ರಿಕ್ಸ್ ಇದೆ.

```
| 1  1 |
| 0  1 |      1×1 − 1×0 = 1
```

ಈಗ ನಮ್ಮ A ಕಡೆ ಬನ್ನಿ. OP ಅನ್ನು ತಳ ಅಂತ ಇಟ್ಟುಕೊಳ್ಳಿ. Q ಬಿಂದುವನ್ನು OPಗೆ ಸಮಾಂತರವಾಗಿ ಜಾರಿಸಿ, y-ಅಕ್ಷ ಮುಟ್ಟುವ ತನಕ. (1, 2)ರಿಂದ (3, 1)ರ ಮೂರನೇ ಒಂದು ಭಾಗ ಕಳೆದರೆ (0, 5/3). ವಿಸ್ತೀರ್ಣ ಬದಲಾಗಿಲ್ಲ. ಈಗ ಈ ಹೊಸ ಬದಿಯನ್ನೇ ತಳ ಮಾಡಿಕೊಂಡು P ಬಿಂದುವನ್ನು ನೇರ ಕೆಳಗೆ ಜಾರಿಸಿ. (3, 1) ಹೋಗಿ (3, 0) ಆಯಿತು. ಉಳಿದದ್ದು 3 × 5/3 ಆಯತ. ಮತ್ತೆ 5! ಅಕ್ಷರದಲ್ಲಿ ಬರೆದರೆ:

```
a × (d − bc/a) = ad − bc
```

a ಸೊನ್ನೆಯಲ್ಲದಿದ್ದರೆ ಸಾಕು, ಉಳಿದವು ಧನವೋ ಋಣವೋ ಅಂತ ಇಲ್ಲಿ ಕೇಳುವುದೇ ಇಲ್ಲ. (a ಸೊನ್ನೆಯಾದರೆ? ಮೊದಲು ಒಂದು ಕಾಲಮ್‌ಗೆ ಇನ್ನೊಂದನ್ನು ಕೂಡಿಸಿ ನೋಡಿ.) ಒಂದು ಕಾಲಮ್‌ನಿಂದ ಇನ್ನೊಂದರ ಇಷ್ಟು ಪಟ್ಟು ಕಳೆದರೆ ಡಿಟರ್ಮಿನೆಂಟ್ ಬದಲಾಗುವುದಿಲ್ಲ ಎಂಬ ನಿಯಮ ಒಂದಿದೆ. ಅದು ಈ ಜಾರಿಸುವ ಆಟವೇ.

ಇಷ್ಟರ ತನಕ ಒಂದೇ ಒಂದು ಚೌಕ ನೋಡಿದೆವು. ಉಳಿದ ಆಕೃತಿಗಳ ಕತೆ ಏನು? ಪಕ್ಕದ ಚೌಕವನ್ನು A ಎಲ್ಲಿಗೆ ಒಯ್ಯುತ್ತದೆ ನೋಡಿ. ಅದೇ ಅಳತೆಯ, ಅದೇ ಓರೆಯ ಚತುರ್ಭುಜ, ಜಾಗ ಮಾತ್ರ ಬೇರೆ. ಯಾಕೆಂದರೆ `A(u + v) = Au + Av`. ಹಾಗಾಗಿ ಗ್ರಿಡ್‌ನ ಪ್ರತಿ ಚೌಕವೂ 5 ಪಟ್ಟು ಹಿಗ್ಗುತ್ತದೆ. ಚೌಕವನ್ನು ನೂರು ಚೂರು ಮಾಡಿದರೂ ಪ್ರತಿ ಚೂರಿಗೆ 5 ಪಟ್ಟೇ. ಯಾವ ಡೊಂಕು ಆಕೃತಿಯನ್ನಾದರೂ ಸಣ್ಣ ಸಣ್ಣ ಚೌಕಗಳಿಂದ ಬೇಕಾದಷ್ಟು ನಿಖರವಾಗಿ ತುಂಬಬಹುದು. ಆದ್ದರಿಂದ ಹಾಳೆಯ ಮೇಲೆ ನೀವು ಏನು ಬರೆದರೂ ಅದರ ವಿಸ್ತೀರ್ಣ 5 ಪಟ್ಟಾಗುತ್ತದೆ.

ಇದರಿಂದ ಒಂದು ಲಾಭ ಈಗಲೇ ತೆಗೆದುಕೊಳ್ಳಿ. ತ್ರಿಜ್ಯ 1 ಇರುವ ವೃತ್ತದ ವಿಸ್ತೀರ್ಣ π. ಅದನ್ನು ಅಡ್ಡಕ್ಕೆ a ಪಟ್ಟು, ಉದ್ದಕ್ಕೆ b ಪಟ್ಟು ಎಳೆದರೆ ದೀರ್ಘವೃತ್ತ. ಎಳೆಯುವ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ab. ವಿಸ್ತೀರ್ಣ πab. ಇಂಟಿಗ್ರೇಶನ್ ಬೇಕಾಗಲಿಲ್ಲ.

ಇನ್ನು ಮೈನಸ್. ವಿಸ್ತೀರ್ಣ ಹೇಗಪ್ಪಾ ಋಣವಾಗುತ್ತದೆ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ. ವಿಸ್ತೀರ್ಣ `|ad − bc|`. ಚಿಹ್ನೆ ಹೇಳುವುದು ಬೇರೆ ಸುದ್ದಿ.

```
| 0  1 |
| 1  0 |      0×0 − 1×1 = −1
```

ಮೊದಲ ಚೌಕದೊಳಗೆ 'ಎ' ಅಂತ ಬರೆಯಿರಿ. ಈ ಮ್ಯಾಟ್ರಿಕ್ಸ್ ಪ್ರತಿ ಬಿಂದುವಿನ x, y ಅದಲುಬದಲು ಮಾಡುತ್ತದೆ. ಚೌಕ ಇದ್ದಲ್ಲೇ ಇದೆ, ಒಳಗಿನ 'ಎ' ಮಾತ್ರ ಕನ್ನಡಿಯಲ್ಲಿ ಕಂಡಂತೆ ಮಗುಚಿದೆ. ಹಾಳೆಯನ್ನು ಮೇಜಿನ ಮೇಲೆ ಎಷ್ಟು ತಿರುಗಿಸಿದರೂ ಅದು ಸರಿಯಾದ 'ಎ' ಆಗುವುದಿಲ್ಲ. ಹಾಳೆ ಎತ್ತಿ ಬೆನ್ನು ಮೇಲೆ ಮಾಡಿ ಹಾಕಬೇಕು. ಗುರುತಿಸುವುದು ಸುಲಭ: ಮೊದಲ ಕಾಲಮ್‌ನಿಂದ ಎರಡನೆಯದರ ಕಡೆಗೆ ಹತ್ತಿರದ ದಾರಿಯಲ್ಲಿ ತಿರುಗಿ. ಗಡಿಯಾರಕ್ಕೆ ವಿರುದ್ಧ ದಿಕ್ಕಾದರೆ ಪ್ಲಸ್, ಗಡಿಯಾರದ ದಿಕ್ಕಾದರೆ ಮೈನಸ್.

ಸೊನ್ನೆ ಬಂದರೆ?

```
B = | 2  4 |
    | 1  2 |      2×2 − 4×1 = 0
```

(2, 1) ಮತ್ತು (4, 2) ಗುರುತು ಮಾಡಿ. ಎರಡೂ ಮೂಲದಿಂದ ಹೊರಟ ಒಂದೇ ಗೆರೆಯ ಮೇಲಿವೆ. ಚತುರ್ಭುಜ ಚಪ್ಪಟೆಯಾಗಿ ಗೆರೆಯಾಗಿಬಿಟ್ಟಿದೆ. ಆ ಚೌಕ ಮಾತ್ರವಲ್ಲ, ಇಡೀ ಹಾಳೆಯೇ ಆ ಗೆರೆಯ ಮೇಲೆ ಬಂದು ಬಿದ್ದಿದೆ. (2, 0) ಹೋಗಿ (4, 2) ಆಗುತ್ತದೆ, (0, 1) ಹೋದರೂ (4, 2)ವೇ. ಈಗ ಯಾರಾದರೂ (4, 2) ತೋರಿಸಿ, ಇದು ಎಲ್ಲಿಂದ ಬಂತು ಅಂತ ಕೇಳಿದರೆ ಏನು ಹೇಳುತ್ತೀರಿ? ಹೇಳಲಾಗುವುದಿಲ್ಲ. ಡಿಟರ್ಮಿನೆಂಟ್ ಸೊನ್ನೆಯಾದರೆ ವಿಲೋಮ ಇಲ್ಲ ಅನ್ನುವುದು ಇದಕ್ಕೇ. ಸಮೀಕರಣಗಳಲ್ಲೂ ಅದೇ ಕತೆ. `2x + 4y = 6, x + 2y = 3` ತೆಗೆದುಕೊಂಡರೆ (6, 3) ಆ ಗೆರೆಯ ಮೇಲಿದೆ, ಉತ್ತರಗಳು ಲೆಕ್ಕವಿಲ್ಲದಷ್ಟು. ಬಲಗಡೆ 3ರ ಬದಲು 5 ಹಾಕಿದರೆ (6, 5) ಗೆರೆಯ ಹೊರಗೆ, ಉತ್ತರವೇ ಇಲ್ಲ.

ದೊಡ್ಡ ಸಂಖ್ಯೆ ಇದ್ದರೆ ದೊಡ್ಡ ಡಿಟರ್ಮಿನೆಂಟ್ ಅಂದುಕೊಳ್ಳಬೇಡಿ. ಕಾಲಮ್‌ಗಳು (10, 9) ಮತ್ತು (9, 8) ಇರಲಿ. 80 − 81 = −1. ಹದಿಮೂರು ಚೌಕಕ್ಕಿಂತ ಉದ್ದದ ಬದಿ, ವಿಸ್ತೀರ್ಣ ಮಾತ್ರ ಒಂದೇ ಚೌಕ! ಬರೆದು ನೋಡಿದರೆ ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಚ್ಚಿಹೋಗುವಷ್ಟು ತೆಳ್ಳಗಿದೆ.

ಉತ್ತರ ಪತ್ರಿಕೆಗಳಲ್ಲಿ ಎರಡು ತಪ್ಪು ಪದೇ ಪದೇ ಬರುತ್ತವೆ. ಒಂದು, `det(2A) = 2 det A` ಎಂದು ಬರೆಯುವುದು. 2A ಅಂದರೆ ಎರಡೂ ಬದಿ ದುಪ್ಪಟ್ಟು, ಹಾಗಾಗಿ ವಿಸ್ತೀರ್ಣ ನಾಲ್ಕು ಪಟ್ಟು. ನಮ್ಮ Aಗೆ ಅದು 20. ಇನ್ನೊಂದು, ಮ್ಯಾಟ್ರಿಕ್ಸ್ ಕೂಡಿಸಿದರೆ ಡಿಟರ್ಮಿನೆಂಟೂ ಕೂಡುತ್ತದೆ ಅನ್ನುವ ನಂಬಿಕೆ. ಅಡ್ಡಕ್ಕೆ 2, ಉದ್ದಕ್ಕೆ 3 ಪಟ್ಟು ಎಳೆಯುವ D ತೆಗೆದುಕೊಳ್ಳಿ. `det D = 6`. A + D ಲೆಕ್ಕ ಹಾಕಿದರೆ 24 ಬರುತ್ತದೆ, 11 ಅಲ್ಲ. ಗುಣಿಸಿದರೆ ಮಾತ್ರ ಮಾತು ನಿಲ್ಲುತ್ತದೆ. ಮೊದಲು A 5 ಪಟ್ಟು ಹಿಗ್ಗಿಸಿತು, ಮೇಲೆ D 6 ಪಟ್ಟು ಹಿಗ್ಗಿಸಿತು, ಒಟ್ಟು 30 ಪಟ್ಟು.

```
DA = | 6  2 |
     | 3  6 |      36 − 6 = 30
```

`det(DA) = det D × det A` ಅನ್ನುವುದನ್ನು ಅಕ್ಷರ ಹಾಕಿ ಬಿಡಿಸಿದರೆ ಎಂಟು ಪದ ಬಂದು ನಾಲ್ಕು ಹೊಡೆದುಹೋಗುತ್ತವೆ. ಸರಿಯೇ, ಆದರೆ ಅದರಿಂದ ಏನೂ ಕಾಣುವುದಿಲ್ಲ.

ಪಿಯುಸಿಯಲ್ಲಿ ಮೂರು ಬಿಂದು ಕೊಟ್ಟು ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯುವಾಗ ಡಿಟರ್ಮಿನೆಂಟ್‌ನ ಮುಂದೆ ½ ಹಾಕಿದ್ದು ನೆನಪಿದೆಯೇ? ತ್ರಿಭುಜ ಅಂದರೆ ನಮ್ಮ ಚತುರ್ಭುಜದ ಅರ್ಧ, ಅಷ್ಟೇ. ಮುಂದೆ ಡಬಲ್ ಇಂಟಿಗ್ರಲ್‌ನಲ್ಲಿ `dx dy` ಬದಲು `r dr dθ` ಬರೆಯುತ್ತೀರಿ. ಆ r ಎಲ್ಲಿಂದ ಬಂತು ಅಂತ ಆಗ ತಲೆ ಕೆಡಿಸಿಕೊಳ್ಳಬೇಡಿ. ಅದೂ ಒಂದು ಎರಡು-ಎರಡರ ಡಿಟರ್ಮಿನೆಂಟ್.

```
| cos θ   −r sin θ |
| sin θ    r cos θ |  =  r
```

ಗುರುವಾರದ ಟ್ಯುಟೋರಿಯಲ್‌ಗೆ ಗ್ರಾಫ್ ಹಾಳೆಯಲ್ಲೇ ಮಾಡಿ ತನ್ನಿ:

(1, 3) ಮತ್ತು (4, 1) ಕಾಲಮ್‌ಗಳ ಚತುರ್ಭುಜ ಬರೆಯಿರಿ. ಚಿಹ್ನೆ ಏನು ಬರುತ್ತದೆ ಅಂತ ಲೆಕ್ಕ ಹಾಕುವ ಮೊದಲೇ ಚಿತ್ರ ನೋಡಿ ಹೇಳಿ. ಆಮೇಲೆ ಪಿಕ್ ಲೆಕ್ಕದಿಂದ ಚೌಕ ಎಣಿಸಿ.

ಮೊದಲ ಕಾಲಮ್ (6, 4). ಎರಡನೇ ಕಾಲಮ್ (k, 6). k ಎಷ್ಟಾದರೆ ಹಾಳೆ ಗೆರೆಯಾಗುತ್ತದೆ?

ವಿಸ್ತೀರ್ಣ ಬದಲಿಸದೆ, ಮಗುಚದೆ, (1, 0) ಅನ್ನು (5, 2)ಕ್ಕೆ ಒಯ್ಯುವ ಒಂದು ಮ್ಯಾಟ್ರಿಕ್ಸ್ ಹುಡುಕಿ. ನಾಲ್ಕೂ ಪೂರ್ಣಾಂಕವೇ ಆಗಿರಬೇಕು. ಒಂದಕ್ಕಿಂತ ಜಾಸ್ತಿ ಉತ್ತರ ಇವೆ. ಪಕ್ಕದವರದ್ದೂ ನಿಮ್ಮದೂ ಬೇರೆ ಬಂದರೆ ಎರಡನೇ ಕಾಲಮ್‌ಗಳನ್ನು ಒಂದೇ ಹಾಳೆಯಲ್ಲಿ ಗುರುತು ಮಾಡಿ, ಅವು ಯಾವ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ ನೋಡಿ.