ವಿಷಯ: ಶುಕ್ರವಾರದ ಸೆಮಿನಾರ್: ಹಲ್ಮಿಡಿ ಶಾಸನಕ್ಕೆ ನಿಮ್ಮಿಂದ ಒಂದೆರಡು ಪ್ರಶ್ನೆ ಬೇಕಿತ್ತು

ಮೇಡಂ, ನಮಸ್ಕಾರ.

ನಾನು ಎಂ.ಎ. ಮೊದಲ ವರ್ಷದ ಕಾವ್ಯ, ಬೇಲೂರು ಬಸ್ಸಿನಲ್ಲಿ ಬಂದು ಕಡೇ ಬೆಂಚಿನಲ್ಲಿ ಕೂರುವವಳು. ಶುಕ್ರವಾರ ಹಲ್ಮಿಡಿ ಶಾಸನದ ಮೇಲೆ ನಾನು ಇಪ್ಪತ್ತು ನಿಮಿಷ ಮಾತಾಡಬೇಕು. 16 ಸಾಲು ತಾನೇ, ಒಂದು ರಾತ್ರಿಯ ಕೆಲಸ ಅಂದುಕೊಂಡಿದ್ದೆ. ಇವತ್ತಿಗೆ ಐದನೇ ದಿನ.

ನೀವು ಕೊಟ್ಟ ಜೆರಾಕ್ಸ್ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪದ ಬಿಡಿಸುತ್ತಾ ಹೋದೆ. ಮೊದಲಿಗಿರುವುದು ವಿಷ್ಣುವನ್ನು ಹೊಗಳುವ ಸಂಸ್ಕೃತ ಶ್ಲೋಕ, ಅದು ಗೊತ್ತಾಯಿತು. ‘ಬಾಳ್ಗೞ್ಚು’ ಅಂದರೆ ಕತ್ತಿ ತೊಳೆಯುವುದು, ಅಂದರೆ ವೀರನಿಗೆ ಕೊಡುವ ದತ್ತಿ ಅಂತ ನಿಘಂಟು ನೋಡಿ ತಿಳಿದುಕೊಂಡೆ. ವಿಜಅರಸನಿಗೆ ಪಲ್ಮಡಿ, ಮೂೞಿವಳ್ಳಿ ಎರಡೂ ಊರು ಕೊಟ್ಟರು. ಪಾಲು ಹಾಲಾದ ಹಾಗೆ ಪಲ್ಮಡಿ ಹಲ್ಮಿಡಿ ಆಗಿದೆ ಅಂತ ಹೊಳೆದಾಗ ಸುಮ್ನೆ ಖುಷಿಯಾಗಿ ಅಮ್ಮನಿಗೂ ಹೇಳಿದೆ. ಅಮ್ಮ ‘ಹೂಂ, ಊಟ ಮಾಡು’ ಅಂದರು.

ತೊಂದರೆ ಇರುವುದು ನಡುವಿನಲ್ಲಿ. ‘ಕಲಭೋರನಾ ಅರಿ’ ಎನ್ನುವಲ್ಲಿ ಯಾರು ಯಾರ ವೈರಿ, ಪದ ಎಲ್ಲಿ ಮುರಿಯಬೇಕು, ತಿಳಿಯುತ್ತಿಲ್ಲ. ಒಂದರ ಹಿಂದೆ ಒಂದು ಹೆಸರು ಬರುತ್ತವೆ, ‘ಕೊಟ್ಟಾರ್’ ಅನ್ನುವ ಕ್ರಿಯಾಪದ ಎಷ್ಟೋ ಹೊತ್ತಿನ ಮೇಲೆ ಸಿಗುತ್ತದೆ. ಅಷ್ಟರಲ್ಲಿ ಕೊಟ್ಟವರು ಯಾರು ಅನ್ನುವುದೇ ನನಗೆ ಮರೆತುಹೋಗಿರುತ್ತದೆ! ಕಾಲದ ವಿಷಯವೂ ಹಾಗೇ. ಕಲ್ಲಿನ ಮೇಲೆ ಇಸವಿ ಇಲ್ಲ, ಆದರೂ ಹೆಚ್ಚಿನವರು ಕ್ರಿ.ಶ. ಸುಮಾರು 450 ಅನ್ನುತ್ತಾರೆ. ಲಿಪಿ ನೋಡಿಯೋ, ಕಕುಸ್ಥ ಎಂಬ ಹೆಸರು ನೋಡಿಯೋ, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಗೊತ್ತಿಲ್ಲ. ಬದಿಯಲ್ಲಿ ಕೆತ್ತಿರುವ ಒಂದು ಸಾಲನ್ನು ಜಾಸ್ತಿ ಜನ ಬಿಟ್ಟೇ ಓದುತ್ತಾರೆ. ನನಗೆ ಅದರಲ್ಲಿರುವ ‘ಪತ್ತೊಂದಿ’ಯೇ ಕುತೂಹಲ. ಹತ್ತರಲ್ಲಿ ಒಂದು ಪಾಲಿನ ಲೆಕ್ಕ ಅಲ್ವಾ ಅದು?

ಅರ್ಥ ಹೇಳಿಕೊಡಿ ಅಂತ ನಾನು ಕೇಳುತ್ತಿಲ್ಲ ಮೇಡಂ. ಹೋದ ಸೆಮಿನಾರಿನಲ್ಲಿ ಪುಸ್ತಕದ ಸಾರಾಂಶ ಓದಿ ಕೂತೆ, ಮುಂದಿನ ಬೆಂಚಿನವರೂ ಆಕಳಿಸಿದರು. ಈ ಸಲ ಕಲ್ಲಿನ ಮುಂದೆ ನಿಂತು ಕೇಳಬೇಕಾದ ಮೂರೋ ನಾಲ್ಕೋ ಪ್ರಶ್ನೆಗಳನ್ನು ನೀವು ಕೊಟ್ಟರೆ, ಉತ್ತರ ನಾನೇ ಹುಡುಕಿಕೊಂಡು ಬರುತ್ತೇನೆ. ಮೊದಲು ವ್ಯಾಕರಣದ ಕಡೆಯಿಂದ ಹೋಗಲೋ, ‘ಯಾರು, ಯಾರಿಗೆ, ಯಾಕೆ ಕೊಟ್ಟರು’ ಅನ್ನುವ ಕಡೆಯಿಂದಲೋ? ಸಂಸ್ಕೃತ ಪದಗಳೇ ಇಷ್ಟು ತುಂಬಿರುವಾಗ ಇದನ್ನು ಮೊದಲ ಕನ್ನಡ ಶಾಸನ ಅಂತ ಹೇಳುವುದರಲ್ಲಿ ನಾನು ಏನನ್ನು ಗಮನಿಸಬೇಕು? ಈ ಎರಡಕ್ಕೆ ದಾರಿ ತೋರಿಸಿದರೂ ಸಾಕು.

ಬುಧವಾರ ಮೂರನೇ ಅವಧಿ ಆದ ಮೇಲೆ ಹತ್ತು ನಿಮಿಷ ಸಿಕ್ಕರೆ ಸ್ಟಾಫ್ ರೂಮಿಗೆ ಬರುತ್ತೇನೆ. ನಿಮಗೆ ಬಿಡುವಿಲ್ಲದಿದ್ದರೆ ಇಲ್ಲೇ ಎರಡು ಸಾಲು ಬರೆದರೂ ಆಯಿತು. ನಾನು ಬಿಡಿಸಿದ ಪದಗಳ ಹಾಳೆಯ ಫೋಟೋ ಜೊತೆಗಿದೆ, ಅಡಿಗೆರೆ ಹಾಕಿದ ಕಡೆಯಲ್ಲೆಲ್ಲ ನನಗೆ ಅನುಮಾನ. ಮೂಲೆಯಲ್ಲಿ ಕಾಫಿ ಚೆಲ್ಲಿದ್ದಕ್ಕೆ ಕ್ಷಮೆ ಇರಲಿ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಕಾವ್ಯ
ಎಂ.ಎ. ಕನ್ನಡ, ಮೊದಲ ವರ್ಷ, ಹಾಸನ