ಕಲ್ಲು ನುಡಿದ ಕನ್ನಡ: ಬೆಂಗಳೂರು ಸರ್ಕಾರಿ ವಸ್ತುಸಂಗ್ರಹಾಲಯದ ಪರಂಪರೆ ನಡಿಗೆಗೆ ಫಲಕಪಠ್ಯ

ಈ ನಡಿಗೆಗಾಗಿ ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದ ಫಲಕಗಳನ್ನು ಇಲ್ಲಿ ಕನ್ನಡಕ್ಕೆ ತರಲಾಗಿದೆ. ಪ್ರತಿ ಫಲಕದ ಕೆಳಗೆ, ಇನ್ನಷ್ಟು ತಿಳಿಯಬಯಸುವವರಿಗಾಗಿ ಹಿನ್ನೆಲೆಯನ್ನು ಸೇರಿಸಿದ್ದೇನೆ. ಇಲ್ಲಿನ ಶಾಸನಗಳು ಹುಟ್ಟಿದ್ದೇ ಕನ್ನಡದಲ್ಲಿ. ಆದ್ದರಿಂದ ಕಲ್ಲಿನ ಮೇಲೆಯೇ ಇರುವ ಮಾತು ಇಂದಿಗೂ ಅರ್ಥವಾಗುವಂತಿದ್ದರೆ ಅದನ್ನೇ ಉಳಿಸಿಕೊಂಡಿದ್ದೇನೆ.

ಫಲಕ 1: ಕಟ್ಟಡ

ಕಸ್ತೂರಬಾ ರಸ್ತೆಯ ಈ ಕೆಂಪು ಕಟ್ಟಡವು 1877ರದ್ದು. ವಸ್ತುಸಂಗ್ರಹಾಲಯವು ಅದಕ್ಕೂ ಮೊದಲು, 1865ರಲ್ಲಿ ಆರಂಭವಾಯಿತು. ದಕ್ಷಿಣ ಭಾರತದ ಹಳೆಯ ವಸ್ತುಸಂಗ್ರಹಾಲಯಗಳಲ್ಲಿ ಇದೂ ಒಂದು.

ಫಲಕ 2: ವೀರಗಲ್ಲನ್ನು ಓದುವ ಬಗೆ

ಕಾಳಗದಲ್ಲಿ, ತುರುಗಳನ್ನು ಕಾಯುವಾಗ ಅಥವಾ ಊರನ್ನು ರಕ್ಷಿಸುವಾಗ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು.

ಹಿನ್ನೆಲೆ: ಅನೇಕ ವೀರಗಲ್ಲುಗಳಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವಸನ್ನಿಧಿ. ಎಲ್ಲ ಕಲ್ಲುಗಳೂ ಈ ಕ್ರಮಕ್ಕೆ ಕಟ್ಟುಬೀಳುವುದಿಲ್ಲ. ಮುಂದಿನ ಎರಡೂ ಕಲ್ಲುಗಳು ತಮ್ಮದೇ ದಾರಿ ಹಿಡಿದಿವೆ.

ಫಲಕ 3: ಆತಕೂರು ಶಾಸನ, ಸುಮಾರು ಕ್ರಿ.ಶ. 949–50

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕಲ್ಲು. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ತಕ್ಕೋಲದ ಯುದ್ಧದ ವಿವರವೂ ಇದೇ ಕಲ್ಲಿನಲ್ಲಿದೆ.

ಹಿನ್ನೆಲೆ: ಮೊದಲು ಮೇಲ್ಭಾಗದ ಶಿಲ್ಪವನ್ನು ಗಮನಿಸಿ: ನಾಯಿಯೂ ಹಂದಿಯೂ ಒಂದರ ಮೇಲೊಂದು ಎರಗಿವೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನೂ ಅವನ ಪರವಾಗಿದ್ದ ಗಂಗರ ಇಮ್ಮಡಿ ಬೂತುಗನೂ ಈಗಿನ ತಮಿಳುನಾಡಿನಲ್ಲಿರುವ ತಕ್ಕೋಲದಲ್ಲಿ ಚೋಳರನ್ನು ಎದುರಿಸಿದರು. ಆನೆಯ ಮೇಲಿದ್ದ ಚೋಳ ರಾಜಾದಿತ್ಯನನ್ನು ಬೂತುಗ ಕೊಂದನು. ಇದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡೂ ಸೇರಿದಂತೆ ಹಲವು ನಾಡುಗಳನ್ನು ಕೊಟ್ಟನೆಂದು ಶಾಸನ ತಿಳಿಸುತ್ತದೆ.

ಬೂತುಗನ ಕಡೆಯಲ್ಲಿ ನಿಂತು ಕಾದಿದ ಮಣಲೆರ ಎಂಬ ಯೋಧನಿಗೂ ಬೇಕಾದುದನ್ನು ಬೇಡಿಕೊಳ್ಳುವ ಅವಕಾಶ ಸಿಕ್ಕಿತು. ಅವನು ಕೇಳಿದ್ದು ಕಾಳಿಯನ್ನು. ನಾಡುಗಳನ್ನೇ ಹಂಚುತ್ತಿದ್ದ ಹೊತ್ತಿನಲ್ಲಿ ಒಬ್ಬ ಯೋಧ ನಾಯಿಯನ್ನು ಬೇಡಿದನೆಂಬ ಸಂಗತಿಯ ಮುಂದೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಇಡೀ ನಡಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ‘ಪಂದಿಯುಂ ನಾಯುಂ ಒಡಸತ್ತುವು’. ‘ಪ’ಕಾರವನ್ನು ‘ಹ’ಕಾರ ಮಾಡಿಕೊಂಡರೆ ‘ಪಂದಿ’ ನಮ್ಮ ‘ಹಂದಿ’ಯಾಗುತ್ತದೆ, ‘ಒಡಸತ್ತುವು’ ಎಂದರೆ ಒಟ್ಟಿಗೆ ಸತ್ತವು. ಇಂಗ್ಲಿಷ್ ಫಲಕದಲ್ಲಿ ಎರಡು ಸಾಲು ಹಿಡಿದಿದ್ದ ವಿವರಣೆ ಇಲ್ಲಿ ಮೂರೇ ಮಾತಿನಲ್ಲಿ ಮುಗಿದಿದೆ. ಆ ಮಾತುಗಳನ್ನು ಅನುವಾದಿಸಲು ನನಗೆ ಮನಸ್ಸು ಬರಲಿಲ್ಲ.

ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿ ಬಿಡಲಾಯಿತು. ಅಲ್ಲಿಯ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಇದೆ. ಕಾಳಿಗೆ ನಿತ್ಯಪೂಜೆ ಸಲ್ಲಬೇಕೆಂದು ಕಲ್ಲು ನಿಲ್ಲಿಸಿದವರು ಬಯಸಿದ್ದರು.

ಫಲಕ 4: ಬೇಗೂರು ವೀರಗಲ್ಲು, ಗಂಗರ ಕಾಲ

ಗಂಗ ದೊರೆ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಸೇನೆಯೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಸ್ಮಾರಕ.

ಹಿನ್ನೆಲೆ: ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಈ ದೃಶ್ಯವನ್ನು ಹತ್ತಿರದಿಂದ ನೋಡಿದಷ್ಟೂ ಯುದ್ಧದ ಗದ್ದಲ ತಿಳಿಯುತ್ತದೆ. ‘ಬೆಂಗಳೂರು’ ಎಂಬ ಹೆಸರಿರುವ ಬೇಗೂರಿನ ಪ್ರಸಿದ್ಧ ಶಾಸನವೇ ಇದೆಂದು ಹಲವರು ತಿಳಿಯುತ್ತಾರೆ. ಅದು ಬೇರೆ ಕಲ್ಲು. ಸುಮಾರು ಕ್ರಿ.ಶ. 890ರ ಆ ಶಾಸನ ಬೇಗೂರಿನ ದೇವಾಲಯದ ಆವರಣದಲ್ಲಿದೆ. ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ಹೇಳುತ್ತದೆ. ಎರಡೂ ಕಲ್ಲುಗಳಲ್ಲಿ ನಾಗತ್ತರನ ಹೆಸರು ಬರುವುದರಿಂದ ಇದನ್ನು ನೋಡಿದವರು ಬೇಗೂರಿಗೂ ಹೋಗಿಬರುವುದು ಒಳ್ಳೆಯದು. ಅಕ್ಷರಗಳನ್ನು ಕೈಯಿಂದ ಸವರಬೇಡಿ. ಪಕ್ಕಕ್ಕೆ ಸರಿದು ಓರೆಬೆಳಕಿನಲ್ಲಿ ನೋಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ.